ಉದ್ದದ ಪಿಪಿಟಿಯಲ್ಲಿ ಕೇಳುಗರು ದಾರಿ ತಪ್ಪದಿರಲು: ಅಜೆಂಡಾ ಸ್ಲೈಡ್ ಮತ್ತು ವಿಭಾಗದ ಸ್ಲೈಡ್‌ಗಳನ್ನು ಮಾಡುವ ಕ್ರಮ

ಹತ್ತು ಹನ್ನೆರಡು ಸ್ಲೈಡಿನ ಪಿಪಿಟಿಗೆ ಅಜೆಂಡಾ ಬೇಕಿಲ್ಲ. ಕೇಳುವವರು ಅಷ್ಟನ್ನು ತಲೆಯಲ್ಲೇ ಹಿಡಿದಿಟ್ಟುಕೊಳ್ಳುತ್ತಾರೆ. ನಲವತ್ತು, ಐವತ್ತು ಸ್ಲೈಡ್ ದಾಟಿದಾಗ ಕಥೆ ಬೇರೆ. ನಡುವೆ ಯಾರಿಗೋ ಫೋನ್ ಬರುತ್ತದೆ, ಇನ್ಯಾರೋ ತಡವಾಗಿ ಬಂದು ಕೂರುತ್ತಾರೆ. ಅವರು ಪರದೆ ನೋಡಿದರೆ ಒಂದು ನಕ್ಷೆ ಕಾಣುತ್ತದೆ. ಅದು ಸಮಸ್ಯೆಯ ನಕ್ಷೆಯಾ, ಪರಿಹಾರದ ನಕ್ಷೆಯಾ ಅಂತ ಗೊತ್ತಾಗುವುದಿಲ್ಲ. ಪಕ್ಕದವರನ್ನು ಕೇಳುತ್ತಾರೆ, ಆಗ ಪಕ್ಕದವರ ಗಮನವೂ ಹೋಯಿತು.

ಇದಕ್ಕೆ ಎರಡು ಸಾಧನ ಇವೆ. ಒಂದು, ಶುರುವಿನಲ್ಲಿ ಎಲ್ಲಾ ವಿಷಯ ತೋರಿಸುವ ಅಜೆಂಡಾ ಸ್ಲೈಡ್. ಇನ್ನೊಂದು, ಒಂದು ಭಾಗ ಮುಗಿದು ಇನ್ನೊಂದು ಶುರುವಾಗುವಾಗ ಬರುವ ವಿಭಾಗದ ಸ್ಲೈಡ್. ಎರಡೂ ಎಲ್ಲರಿಗೂ ಗೊತ್ತಿರುವಂಥವೇ. ಆದರೆ ಹೆಚ್ಚಿನ ಪಿಪಿಟಿಗಳಲ್ಲಿ ಇವು ಸುಮ್ನೆ ಜಾಗ ತುಂಬುತ್ತವೆ, ಕೆಲಸ ಮಾಡುವುದಿಲ್ಲ. ಕೆಲಸ ಮಾಡುವಂತೆ ಮಾಡುವುದು ಹೇಗೆ ಅಂತ ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಮೆನು ಹೆಸರುಗಳು ವಿಂಡೋಸ್‌ನ ಪವರ್‌ಪಾಯಿಂಟ್‌ನವು.

ನಮ್ಮ ಉದಾಹರಣೆ

ಬೆಂಗಳೂರಿನ ಒಂದು ಬಡಾವಣೆ ಅಂದುಕೊಳ್ಳಿ. ಅಲ್ಲಿನ ಕೆರೆಗೆ ಕೊಳಚೆ ನೀರು ಸೇರುತ್ತಿದೆ. ಕೆರೆ ಸಮಿತಿಯವರು ವಾರ್ಡಿನ ಅಧಿಕಾರಿಗಳು ಮತ್ತು ನಿವಾಸಿಗಳ ಮುಂದೆ ಪ್ರೆಸೆಂಟೇಶನ್ ಕೊಡಬೇಕು. ಸಮಯ 75 ನಿಮಿಷ: 60 ನಿಮಿಷ ಮಾತು, 15 ನಿಮಿಷ ಚರ್ಚೆ. ಮಾಹಿತಿ ಎಲ್ಲಾ ಸೇರಿ 44 ಸ್ಲೈಡ್ ಆಗಿದೆ. ರಾಜಕಾಲುವೆಯ ಫೋಟೋಗಳು, ನೀರಿನ ಪರೀಕ್ಷೆಯ ವರದಿ, ಹೂಳಿನ ಲೆಕ್ಕ, ಕೊಳಚೆ ಶುದ್ಧೀಕರಣ ಘಟಕದ ಅಂದಾಜು ವೆಚ್ಚ, ಕೋಡಿಯ ರಿಪೇರಿ, ಹೀಗೆ. ಒಂದೊಂದು ಸ್ಲೈಡೂ ಚೆನ್ನಾಗಿದೆ. ಒಟ್ಟಿಗೆ ನೋಡಿದರೆ ಮಾತ್ರ ತಲೆಬುಡ ತಿಳಿಯುವುದಿಲ್ಲ.

ಮೊದಲ ಹೆಜ್ಜೆ: ಸ್ಲೈಡ್ ಮಾಡಬೇಡಿ, ಗುಂಪು ಮಾಡಿ

ಅಜೆಂಡಾ ಬರೆಯಲು ಕೂರುವ ಮೊದಲು `View` ಟ್ಯಾಬಿನಲ್ಲಿ `Slide Sorter` ತೆರೆಯಿರಿ. ಎಲ್ಲಾ ಸ್ಲೈಡ್ ಸಣ್ಣದಾಗಿ ಒಟ್ಟಿಗೆ ಕಾಣುತ್ತವೆ. ಈಗ ಒಂದೊಂದು ಸ್ಲೈಡಿಗೂ ಒಂದೇ ಪ್ರಶ್ನೆ ಕೇಳಿ: ಕೇಳುಗರ ಯಾವ ಅನುಮಾನಕ್ಕೆ ಇದು ಉತ್ತರ? ಒಂದೇ ಅನುಮಾನಕ್ಕೆ ಉತ್ತರ ಕೊಡುವ ಸ್ಲೈಡ್‌ಗಳನ್ನು ಎಳೆದು ಪಕ್ಕಪಕ್ಕ ಇಡಿ.

ಇಲ್ಲಿ ಎಲ್ಲರಿಗೂ ಒಂದು ಆಸೆ ಬರುತ್ತದೆ. ಮಾಹಿತಿ ಎಲ್ಲಿಂದ ಬಂತೋ ಹಾಗೇ ಗುಂಪು ಮಾಡುವುದು: ಸರ್ವೆ, ಲ್ಯಾಬ್ ವರದಿ, ಎಂಜಿನಿಯರ್ ಅಂದಾಜು, ಫೋಟೋಗಳು. ಇದು ಮಾಡಿದವರಿಗೆ ಸಲೀಸು. ಕೇಳುವವರಿಗೆ ಲ್ಯಾಬ್ ವರದಿ ಬೇಕಿಲ್ಲ. ಕೊಳಚೆ ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗಬೇಕು, ಅಷ್ಟೇ. ಲ್ಯಾಬ್ ವರದಿಯ ಸ್ಲೈಡ್ ಆ ಪ್ರಶ್ನೆಯ ಒಳಗೆ ಹೋಗಿ ಕೂರಬೇಕು.

ಕೆರೆಯ 44 ಸ್ಲೈಡ್‌ಗಳನ್ನು ಹೀಗೆ ಜೋಡಿಸಿದರೆ ಮೊದಲಿಗೆ 3 ಸ್ಲೈಡ್ ಪೀಠಿಕೆ, ಆಮೇಲೆ ನಾಲ್ಕು ಗುಂಪು ಆಗುತ್ತವೆ. ಕೊಳಚೆ ಎಲ್ಲಿಂದ ಬರುತ್ತಿದೆ ಅನ್ನುವುದಕ್ಕೆ 14. ಹೂಳು ತೆಗೆದರೆ ಸಾಕಾ ಅನ್ನುವುದಕ್ಕೆ 9. ಮುಂದಿರುವ ಮೂರು ದಾರಿ ಮತ್ತು ಅವುಗಳ ಖರ್ಚಿಗೆ 13. ಇವತ್ತು ಏನು ತೀರ್ಮಾನ ಆಗಬೇಕು ಅನ್ನುವುದಕ್ಕೆ 5.

ಒಂದು ಗಂಟೆಯ ಮಾತಿಗೆ ಮೂರರಿಂದ ಐದು ಗುಂಪು ಸಾಕು. ಏಳೆಂಟು ಆದರೆ ಅಜೆಂಡಾ ಓದಿ ಮುಗಿಸುವಷ್ಟರಲ್ಲಿ ಮೊದಲನೆಯದು ಮರೆತಿರುತ್ತದೆ. ಎರಡು ಮೂರು ಸ್ಲೈಡಿನ ಪುಟ್ಟ ಗುಂಪು ಉಳಿದುಹೋದರೆ ಅದು ಬಹುಶಃ ಬೇರೆ ಗುಂಪಿನ ಭಾಗ, ಅಥವಾ ಕೊನೆಯಲ್ಲಿ ಯಾರಾದರೂ ಕೇಳಿದರೆ ತೋರಿಸಬೇಕಾದದ್ದು. ಯಾವ ಗುಂಪಿಗೂ ಸೇರದ ಸ್ಲೈಡ್ ಸಿಕ್ಕರೆ ಸಂತೋಷಪಡಿ, ಅದನ್ನು ತೆಗೆದುಹಾಕಬಹುದು.

ಪವರ್‌ಪಾಯಿಂಟ್‌ಗೆ ಗುಂಪುಗಳನ್ನು ಹೇಳಿಕೊಡುವುದು

ಎಡಗಡೆಯ ಪಟ್ಟಿಯಲ್ಲಿ ಎರಡು ಸ್ಲೈಡ್‌ಗಳ ನಡುವೆ ರೈಟ್ ಕ್ಲಿಕ್ ಮಾಡಿ `Add Section` ಒತ್ತಿ. ಹೆಸರು ಕೊಡಿ. `Home` ಟ್ಯಾಬಿನ `Section` ಬಟನ್‌ನಲ್ಲೂ ಇದೇ ಆಯ್ಕೆ ಇದೆ. ಮೊದಲ ಬಾರಿ ನಡುವೆ ಎಲ್ಲೋ ಸೆಕ್ಷನ್ ಹಾಕಿದರೆ ಅದರ ಮೇಲಿನ ಸ್ಲೈಡ್‌ಗಳೆಲ್ಲ ತಾವಾಗಿಯೇ `Default Section` ಅನ್ನುವ ಹೆಸರಿಗೆ ಸೇರುತ್ತವೆ. ಗಾಬರಿ ಬೇಡ. ಅದರ ಮೇಲೆ ರೈಟ್ ಕ್ಲಿಕ್ ಮಾಡಿ `Rename Section` ಕೊಟ್ಟು "ಪೀಠಿಕೆ" ಅಂತ ಬರೆಯಿರಿ.

ಈ ಸೆಕ್ಷನ್ ಹೆಸರು ಸ್ಲೈಡ್ ಶೋನಲ್ಲಿ ಕಾಣುವುದೇ ಇಲ್ಲ. ಇದು ಮಾಡುವವರ ಅನುಕೂಲಕ್ಕೆ ಮಾತ್ರ. "ನಾನು ಸೆಕ್ಷನ್ ಹಾಕಿದ್ದೀನಲ್ಲ" ಅಂತ ವಿಭಾಗದ ಸ್ಲೈಡ್ ಬಿಡುವವರಿದ್ದಾರೆ. ಕೇಳುಗರಿಗೆ ಅದರಿಂದ ಏನೂ ತಲುಪುವುದಿಲ್ಲ.

ನಮಗೆ ಸಿಗುವ ಲಾಭ ದೊಡ್ಡದು. ಸೆಕ್ಷನ್ ಹೆಸರನ್ನು ಹಿಡಿದು ಎಳೆದರೆ ಒಳಗಿನ ಅಷ್ಟೂ ಸ್ಲೈಡ್ ಒಟ್ಟಿಗೆ ಜಾಗ ಬದಲಿಸುತ್ತವೆ. ಹೆಸರಿನ ಮೇಲೆ ಒಂದು ಕ್ಲಿಕ್ ಮಾಡಿದರೆ ಅಷ್ಟೂ ಸೆಲೆಕ್ಟ್ ಆಗುತ್ತವೆ. ಇದನ್ನು ನೆನಪಿಡಿ, ಮುಂದೆ ಬೇಕು. ಸೆಕ್ಷನ್ ಬೇಡ ಅನಿಸಿದಾಗ ಮಾತ್ರ ಹುಷಾರು: `Remove Section` ಬರೀ ಹೆಸರನ್ನು ತೆಗೆಯುತ್ತದೆ, `Remove Section & Slides` ಒಳಗಿರುವ ಸ್ಲೈಡ್‌ಗಳನ್ನೂ ಅಳಿಸುತ್ತದೆ.

ಅಜೆಂಡಾ ಸ್ಲೈಡ್: ಎಲ್ಲಿಡಬೇಕು, ಏನು ಬರೆಯಬೇಕು

ಟೈಟಲ್ ಆದ ತಕ್ಷಣ ಅಜೆಂಡಾ ಇಡುವುದು ರೂಢಿ. ನನಗೆ ಅದು ಸರಿ ಅನಿಸುವುದಿಲ್ಲ. ವಿಷಯದಲ್ಲಿ ಇನ್ನೂ ಆಸಕ್ತಿ ಹುಟ್ಟದವರಿಗೆ ಪಟ್ಟಿ ತೋರಿಸಿದರೆ ಅವರು ಅದನ್ನು ಓದುವುದಿಲ್ಲ, ದಾಟಿಸುತ್ತಾರೆ. ಕೆರೆಯ ಪಿಪಿಟಿಯಲ್ಲಿ ಮೊದಲು ಟೈಟಲ್, ಆಮೇಲೆ ನೊರೆ ತುಂಬಿದ ಕೆರೆಯ ಒಂದು ದೊಡ್ಡ ಫೋಟೋ, ಆಮೇಲೆ "ಇವತ್ತು ನಿಮ್ಮಿಂದ ಒಂದು ತೀರ್ಮಾನ ಬೇಕು" ಅನ್ನುವ ಸ್ಲೈಡ್. ಅಜೆಂಡಾ ನಾಲ್ಕನೆಯದು. ಆ ಹೊತ್ತಿಗೆ "ಸರಿ, ಹೇಗೆ?" ಅನ್ನುವ ಪ್ರಶ್ನೆ ಜನರ ಮನಸ್ಸಿನಲ್ಲಿ ಬಂದಿರುತ್ತದೆ.

ಬರೆಯುವ ಸಾಲುಗಳ ಬಗ್ಗೆ ಸ್ವಲ್ಪ ಜಾಸ್ತಿ ಯೋಚಿಸಿ. ಸಾಮಾನ್ಯವಾಗಿ ಕಾಣುವ ಅಜೆಂಡಾ ಹೀಗಿರುತ್ತದೆ: ಪರಿಚಯ, ಹಿನ್ನೆಲೆ, ಸಮಸ್ಯೆ, ಪರಿಹಾರ, ಪ್ರಶ್ನೋತ್ತರ, ವಂದನೆ. ಇದನ್ನು ಕೆರೆಯ ಪಿಪಿಟಿಯಿಂದ ತೆಗೆದು ಬ್ಯಾಂಕಿನ ಪಿಪಿಟಿಗೆ ಅಂಟಿಸಿದರೂ ಯಾರಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಹಾಗಾಗಬಾರದು. ನಮ್ಮದು ಹೀಗಿರಲಿ:

1. ಕೆರೆಗೆ ಕೊಳಚೆ ಎಲ್ಲಿಂದ ಬರುತ್ತಿದೆ?
2. ಹೂಳು ತೆಗೆದರೆ ಸಾಕಾ?
3. ಮುಂದಿರುವ ಮೂರು ದಾರಿ, ಒಂದೊಂದರ ಖರ್ಚು
4. ಇವತ್ತು ಏನು ತೀರ್ಮಾನ ಆಗಬೇಕು?

ಪರಿಚಯಕ್ಕೂ ಧನ್ಯವಾದಕ್ಕೂ ಇಲ್ಲಿ ಜಾಗ ಇಲ್ಲ. ಚಹಾ ವಿರಾಮ ಇದ್ದರೆ ಮಾತ್ರ ಅದನ್ನು ಸಣ್ಣದಾಗಿ ತೋರಿಸಿ, ಜನ ಅದನ್ನು ಖಂಡಿತ ಹುಡುಕುತ್ತಾರೆ. ಸಾಲುಗಳ ಪಕ್ಕ ನಿಮಿಷ ಬರೆಯಬೇಡಿ. ಮೊದಲ ಭಾಗ ಐದು ನಿಮಿಷ ತಡವಾದರೆ ಜನ ನಿಮ್ಮ ಮಾತು ಬಿಟ್ಟು ಗಡಿಯಾರ ನೋಡಲು ಶುರುಮಾಡುತ್ತಾರೆ.

ತಲೆಬರಹದಲ್ಲಿ "ಅಜೆಂಡಾ" ಅಂತಲೇ ಬರೆಯುವ ಬದಲು ಇಡೀ ಮಾತಿನ ಪ್ರಶ್ನೆ ಬರೆಯಬಹುದು: "ಕೆರೆಗೆ ಏನಾಗಿದೆ, ಏನು ಮಾಡೋಣ?" ಸಾಲುಗಳನ್ನು ಒಂದೊಂದಾಗಿ ಹಾರಿ ಬರುವಂತೆ ಅನಿಮೇಶನ್ ಹಾಕಬೇಡಿ. ಒಟ್ಟು ಎಷ್ಟಿವೆ ಅಂತ ಒಂದೇ ನೋಟಕ್ಕೆ ಕಾಣಲಿ ಅಂತಲೇ ಈ ಸ್ಲೈಡ್ ಇರುವುದು.

ಒಂದೊಂದು ಸಾಲನ್ನೂ ಬೇರೆ ಬೇರೆ ಟೆಕ್ಸ್ಟ್ ಬಾಕ್ಸಿನಲ್ಲಿ ಇಡಿ. ಕಾರಣ ಲಿಂಕ್ ಹಾಕುವಾಗ ಗೊತ್ತಾಗುತ್ತದೆ.

ವಿಭಾಗದ ಸ್ಲೈಡ್: ಒಂದು ಮಾದರಿ, ಮೂರು ಪ್ರತಿ

`Home` ಟ್ಯಾಬಿನಲ್ಲಿ `New Slide` ಕೆಳಗಿನ ಬಾಣ ಒತ್ತಿದರೆ `Section Header` ಅನ್ನುವ ಲೇಔಟ್ ಸಿಗುತ್ತದೆ. ಅದನ್ನೇ ಬಳಸಿ. ಖಾಲಿ ಸ್ಲೈಡ್ ತೆಗೆದುಕೊಂಡು ಟೆಕ್ಸ್ಟ್ ಬಾಕ್ಸಿನಲ್ಲಿ ದೊಡ್ಡದಾಗಿ ಬರೆದರೂ ನೋಡಲು ಒಂದೇ ಥರ ಇರುತ್ತದೆ, ಆದರೆ ಪವರ್‌ಪಾಯಿಂಟ್‌ಗೆ ಅದು ಶೀರ್ಷಿಕೆ ಅಂತ ಗೊತ್ತಾಗುವುದಿಲ್ಲ. `Outline View`ನಲ್ಲಿ ಆ ಸ್ಲೈಡ್ ಹೆಸರಿಲ್ಲದೆ ಕಾಣುತ್ತದೆ. ದೃಷ್ಟಿದೋಷ ಇರುವವರು ಸ್ಕ್ರೀನ್ ರೀಡರ್‌ನಲ್ಲಿ ಫೈಲ್ ಓದುವಾಗಲೂ ಅದು ಶೀರ್ಷಿಕೆಯಾಗಿ ಸಿಗುವುದಿಲ್ಲ.

ಬಣ್ಣ, ಅಕ್ಷರದ ಗಾತ್ರ ಬದಲಿಸಬೇಕಾದರೆ `View` ಟ್ಯಾಬಿನ `Slide Master` ತೆರೆದು, ಅಲ್ಲಿ ಈ ಲೇಔಟಿನಲ್ಲೇ ಬದಲಿಸಿ. ಒಂದು ಕಡೆ ಬದಲಿಸಿದರೆ ಎಲ್ಲಾ ವಿಭಾಗದ ಸ್ಲೈಡೂ ಬದಲಾಗುತ್ತದೆ. ಹಿನ್ನೆಲೆಯ ಬಣ್ಣ ಉಳಿದ ಸ್ಲೈಡ್‌ಗಳಿಗಿಂತ ಸ್ಪಷ್ಟವಾಗಿ ಬೇರೆ ಇರಲಿ. ಮಾಮೂಲಿ ಸ್ಲೈಡ್ ಬಿಳಿ ಇದ್ದರೆ ಇದು ಕಡುನೀಲಿ ಆಗಬಹುದು. ಫೋನಿನಿಂದ ತಲೆ ಎತ್ತಿದವರಿಗೆ ಓದುವ ಮೊದಲೇ "ಏನೋ ಬದಲಾಯಿತು" ಅಂತ ಗೊತ್ತಾಗಬೇಕು. ನಗರದ ಬಸ್ಸಿನಲ್ಲಿ ಮುಂದಿನ ನಿಲ್ದಾಣ ಕೂಗುತ್ತಾರಲ್ಲ, ಅದರದ್ದೂ ಇದೇ ಕೆಲಸ.

ಸ್ಲೈಡಿನಲ್ಲಿ ಎರಡೇ ವಿಷಯ ಇರಲಿ. ನಡುವೆ ದೊಡ್ಡದಾಗಿ, 40 ಪಾಯಿಂಟ್ ಆಸುಪಾಸು, ವಿಭಾಗದ ಪ್ರಶ್ನೆ. ಅಜೆಂಡಾದಲ್ಲಿ ಏನಿತ್ತೋ ಅಕ್ಷರಶಃ ಅದೇ. ಅಲ್ಲಿ "ಹೂಳು ತೆಗೆದರೆ ಸಾಕಾ?" ಅಂತ ಬರೆದು ಇಲ್ಲಿ "ಹೂಳೆತ್ತುವಿಕೆಯ ವಿಶ್ಲೇಷಣೆ" ಅಂದರೆ ಇದು ಆ ಪಟ್ಟಿಯ ಎಷ್ಟನೆಯದು ಅಂತ ಜನ ಹುಡುಕಬೇಕಾಗುತ್ತದೆ. ಕೆಳಗೆ ಸಣ್ಣದಾಗಿ, 20 ಪಾಯಿಂಟ್‌ಗೆ ಕಡಿಮೆ ಇಲ್ಲದಂತೆ, ನಾಲ್ಕೂ ವಿಭಾಗಗಳ ಗಿಡ್ಡ ಹೆಸರಿನ ಒಂದು ಪಟ್ಟಿ: ಕೊಳಚೆ, ಹೂಳು, ದಾರಿ, ತೀರ್ಮಾನ. ಈಗಿನ ವಿಭಾಗದ ಹೆಸರು ದಪ್ಪ ಅಕ್ಷರದಲ್ಲಿ, ಕೆಳಗೊಂದು ಗೆರೆಯ ಜೊತೆ. ಉಳಿದವು ಮಂಕಾಗಿ.

ಮಂಕು ಅಂದರೆ ಎಷ್ಟು? ಲ್ಯಾಪ್‌ಟಾಪಿನಲ್ಲಿ ಹದವಾಗಿ ಕಾಣುವ ತಿಳಿ ಬೂದು, ಕಿಟಕಿ ತೆರೆದಿರುವ ಸಭಾಂಗಣದ ಹಳೆಯ ಪ್ರೊಜೆಕ್ಟರ್‌ನಲ್ಲಿ ಮಾಯವಾಗಿಬಿಡುತ್ತದೆ. ಅದಕ್ಕೇ ಬಣ್ಣವೊಂದನ್ನೇ ನಂಬಬೇಡಿ, ದಪ್ಪ ಅಕ್ಷರ ಮತ್ತು ಗೆರೆ ಇರಲೇಬೇಕು. ಹಾಗೆ ಮಾಡಿದರೆ ಬಣ್ಣ ಗುರುತಿಸಲು ಕಷ್ಟವಿರುವವರಿಗೂ ತಿಳಿಯುತ್ತದೆ.

ವಿಭಾಗ ನಾಲ್ಕಿದ್ದರೂ ವಿಭಾಗದ ಸ್ಲೈಡ್ ಮೂರೇ ಸಾಕು. ಅಜೆಂಡಾ ತೋರಿಸಿ "ಮೊದಲನೆಯದರಿಂದ ಶುರುಮಾಡೋಣ" ಅಂದ ಮೇಲೆ ಮತ್ತೆ ಮೊದಲನೆಯದರ ಹೆಸರನ್ನು ಪೂರ್ತಿ ಪರದೆಯಲ್ಲಿ ತೋರಿಸುವುದು ದಂಡ. ಎರಡು ಖಾಲಿ ಸ್ಲೈಡ್ ಒಂದರ ಹಿಂದೊಂದು ಬಂದ ಹಾಗಾಗುತ್ತದೆ. ಹಾಗಾಗಿ 44 ಸ್ಲೈಡಿಗೆ ಅಜೆಂಡಾ ಒಂದು, ವಿಭಾಗದ ಸ್ಲೈಡ್ ಮೂರು ಸೇರಿ ಒಟ್ಟು 48. ಅಜೆಂಡಾ 4ನೆಯದು; ಎರಡನೇ ವಿಭಾಗ 19ಕ್ಕೆ, ಮೂರನೆಯದು 29ಕ್ಕೆ, ನಾಲ್ಕನೆಯದು 43ಕ್ಕೆ ಶುರು.

ಕನ್ನಡ ಅಕ್ಷರದ ಎರಡು ತಾಪತ್ರಯ

ದೊಡ್ಡ ಅಕ್ಷರದಲ್ಲಿ ಎರಡು ಸಾಲಿನ ಶೀರ್ಷಿಕೆ ಬಂದಾಗ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಎಷ್ಟೋ ರೆಡಿಮೇಡ್ ಥೀಮ್‌ಗಳಲ್ಲಿ ಶೀರ್ಷಿಕೆಯ ಸಾಲಿನ ಅಂತರ 0.9 ಇರುತ್ತದೆ. ಇಂಗ್ಲಿಷಿಗೆ ಅದು ಸಾಕು, "ತೀರ್ಮಾನಕ್ಕೆ" ಅನ್ನುವಂಥ ಪದಕ್ಕೆ ಸಾಲದು. `Slide Master`ನಲ್ಲಿ ಶೀರ್ಷಿಕೆ ಆರಿಸಿ, `Home` ಟ್ಯಾಬಿನ `Line Spacing`ನಲ್ಲಿ 1.0 ಅಥವಾ 1.1 ಮಾಡಿ.

ಎರಡನೆಯದು ಫಾಂಟ್. ಹಳೆಯ, ಯುನಿಕೋಡ್ ಅಲ್ಲದ ಕನ್ನಡ ಫಾಂಟಿನಲ್ಲಿ ಬರೆದಿದ್ದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ನಿಮ್ಮ ಅಜೆಂಡಾ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಸಭೆಯ ಕಂಪ್ಯೂಟರ್ ಸಾಮಾನ್ಯವಾಗಿ ಬೇರೆಯವರದ್ದೇ ಅಲ್ವಾ? ಯುನಿಕೋಡ್‌ನಲ್ಲೇ ಬರೆಯಿರಿ. ವಿಂಡೋಸ್‌ನ ಜೊತೆ ಬರುವ `Nirmala UI` ಬಳಸಿದರೆ ತಂಟೆ ಕಡಿಮೆ. ಬೇರೆ ಫಾಂಟ್ ಬೇಕೇ ಬೇಕು ಅಂದರೆ `File`, `Options`, `Save` ಒಳಗೆ ಹೋಗಿ `Embed fonts in the file` ಟಿಕ್ ಮಾಡಿ.

ನಡುವಿನ ಸ್ಲೈಡ್‌ಗಳಲ್ಲೂ ಗುರುತು

ವಿಭಾಗದ ಸ್ಲೈಡ್ ಅರ್ಧ ನಿಮಿಷ ಕಾಣಿಸಿ ಹೋಗುತ್ತದೆ. ಮೊದಲ ವಿಭಾಗದಲ್ಲಿ 14 ಸ್ಲೈಡ್ ಇವೆ, ಹತ್ತನೆಯದರ ಹೊತ್ತಿಗೆ ಬಂದವರಿಗೆ ಏನು ಗತಿ? ಪ್ರತಿ ಸ್ಲೈಡಿನ ಕೆಳಗೆ ವಿಭಾಗದ ಗಿಡ್ಡ ಹೆಸರು ಇರಬೇಕು. ಇದನ್ನು ಒಂದೊಂದಾಗಿ ಟೈಪ್ ಮಾಡಬೇಕಿಲ್ಲ.

ಎಡಗಡೆ ಸೆಕ್ಷನ್ ಹೆಸರಿನ ಮೇಲೆ ಕ್ಲಿಕ್ ಮಾಡಿ. ಒಳಗಿನ ಸ್ಲೈಡ್‌ಗಳೆಲ್ಲ ಸೆಲೆಕ್ಟ್ ಆದವು. `Insert` ಟ್ಯಾಬಿನಲ್ಲಿ `Header & Footer` ತೆರೆದು `Footer` ಟಿಕ್ ಮಾಡಿ "ಕೊಳಚೆ" ಅಂತ ಬರೆಯಿರಿ. ಈಗ `Apply` ಒತ್ತಿ. `Apply to All` ಒತ್ತಿದರೆ ಎಲ್ಲಾ ವಿಭಾಗಕ್ಕೂ "ಕೊಳಚೆ"ಯೇ ಬಂದು ಕೂರುತ್ತದೆ. ಮುಂದಿನ ವಿಭಾಗಕ್ಕೂ ಹೀಗೇ. ಯಾವುದೋ ಸ್ಲೈಡಿನಲ್ಲಿ ಹೆಸರು ಕಾಣದಿದ್ದರೆ ಅದರ ಲೇಔಟಿನಲ್ಲಿ ಫೂಟರ್‌ಗೆ ಜಾಗ ಇಲ್ಲ ಅಂತ ಅರ್ಥ. `Slide Master`ನಲ್ಲಿ ಆ ಲೇಔಟ್ ಆರಿಸಿ `Footers` ಟಿಕ್ ಮಾಡಿ, ವಾಪಸ್ ಬಂದು ಆ ಸ್ಲೈಡಿಗೆ ಫೂಟರ್ ಮತ್ತೊಮ್ಮೆ ಹಾಕಿ.

ಅದೇ ಕಿಟಕಿಯಲ್ಲಿ `Slide number` ಕೂಡ ಟಿಕ್ ಮಾಡಿ. ಚರ್ಚೆಯ ಹೊತ್ತಿಗೆ "ಆ ಪೈಪಿನ ಫೋಟೋ ಇತ್ತಲ್ಲ" ಅನ್ನುವ ಬದಲು "16ನೇ ಸ್ಲೈಡ್" ಅನ್ನಬಹುದು. ಫೂಟರ್‌ನಲ್ಲಿ ಮಾತ್ರ ವಿಭಾಗದ ಸಂಖ್ಯೆ ಹಾಕಬೇಡಿ, ಒಂದೇ ಸ್ಲೈಡಿನಲ್ಲಿ ಎರಡು ಸಂಖ್ಯೆ ಕಂಡರೆ ಗೊಂದಲ.

ಅಜೆಂಡಾದಿಂದ ನೇರ ಜಿಗಿಯುವುದು

ಚರ್ಚೆಯಲ್ಲಿ ಅಧಿಕಾರಿಯೊಬ್ಬರು "ಖರ್ಚಿನ ಭಾಗ ಇನ್ನೊಮ್ಮೆ ತೋರಿಸಿ" ಅಂದರೆ ಹದಿನೈದು ಸ್ಲೈಡ್ ಹಿಂದಕ್ಕೆ ಒತ್ತುತ್ತಾ ಹೋಗುವುದು ನೋಡಲು ಚೆನ್ನಾಗಿರುವುದಿಲ್ಲ. ಅಜೆಂಡಾದ ಸಾಲುಗಳಿಗೆ ಲಿಂಕ್ ಹಾಕಿ. ಟೆಕ್ಸ್ಟ್ ಬಾಕ್ಸಿನ ಅಂಚಿನ ಮೇಲೆ ಕ್ಲಿಕ್ ಮಾಡಿ, ಇಡೀ ಬಾಕ್ಸ್ ಆರಿಸಿಕೊಂಡು `Ctrl+K` ಒತ್ತಿ, `Place in This Document`ನಲ್ಲಿ ಆ ವಿಭಾಗದ ಮೊದಲ ಸ್ಲೈಡ್ ಆರಿಸಿ. ಅಕ್ಷರಗಳನ್ನು ಆರಿಸಿ ಲಿಂಕ್ ಹಾಕಿದರೆ ಅವು ನೀಲಿಯಾಗಿ ಅಡಿಗೆರೆ ಬರುತ್ತದೆ. ಬಾಕ್ಸಿಗೇ ಹಾಕಿದರೆ ನೋಟ ಕೆಡುವುದಿಲ್ಲ. ಸಾಲುಗಳನ್ನು ಬೇರೆ ಬಾಕ್ಸಿನಲ್ಲಿಡಿ ಅಂದಿದ್ದು ಇದಕ್ಕೇ.

ಪವರ್‌ಪಾಯಿಂಟ್ 2019 ಮತ್ತು ಮೈಕ್ರೋಸಾಫ್ಟ್ 365ರಲ್ಲಿ `Insert` ಟ್ಯಾಬಿನಲ್ಲಿ `Zoom`, ಅದರೊಳಗೆ `Section Zoom` ಇದೆ. ವಿಭಾಗದ ಸಣ್ಣ ಚಿತ್ರವೊಂದು ಸ್ಲೈಡಿನಲ್ಲಿ ಕೂರುತ್ತದೆ, ಒತ್ತಿದರೆ ಆ ವಿಭಾಗ ತೆರೆಯುತ್ತದೆ, ಮುಗಿದ ಮೇಲೆ ತಾನಾಗಿ ಆ ಸ್ಲೈಡಿಗೇ ವಾಪಸ್ ಬರುತ್ತದೆ. ತರಬೇತಿಯಲ್ಲಿ, ಯಾವ ವಿಷಯ ಮೊದಲು ಅಂತ ಜನರೇ ಆರಿಸುವಾಗ ಇದು ಚೆಂದ. ಒಂದರ ಮೇಲೊಂದು ಕಟ್ಟುತ್ತಾ ತೀರ್ಮಾನಕ್ಕೆ ಹೋಗುವ ಕೆರೆಯ ಪಿಪಿಟಿಗೆ ಸಾದಾ ಲಿಂಕೇ ಸರಿ.

ಲಿಂಕ್ ತಾನಾಗಿ ವಾಪಸ್ ಬರುವುದಿಲ್ಲ. ಅದಕ್ಕೆ ಉಪಾಯ ಸುಲಭ: ಸ್ಲೈಡ್ ಶೋ ನಡೆಯುವಾಗ ಕೀಬೋರ್ಡಿನಲ್ಲಿ `4` ಒತ್ತಿ `Enter` ಒತ್ತಿದರೆ 4ನೇ ಸ್ಲೈಡ್, ಅಂದರೆ ಅಜೆಂಡಾ, ಬರುತ್ತದೆ. ಯಾವ ಸ್ಲೈಡಿಗೆ ಬೇಕಾದರೂ ಹೀಗೆ ಹೋಗಬಹುದು. ಎಲ್ಲಾ ತಿದ್ದುಪಡಿ ಮುಗಿದ ಮೇಲೆ ಒಂದು ಚೀಟಿಯಲ್ಲಿ 4, 19, 29, 43 ಅಂತ ಬರೆದು ಮುಂದಿಟ್ಟುಕೊಳ್ಳಿ.

ವಿಭಾಗದ ಸ್ಲೈಡ್ ಬಂದಾಗ ಏನು ಹೇಳಬೇಕು

ಬರೆದಿರುವುದನ್ನು ಓದಿ ಮುಂದೆ ಹೋಗುವುದು ಸಾಲದು. ಎರಡು ಮಾತು ಬೇಕು. ಮುಗಿದ ಭಾಗದ ಉತ್ತರ ಒಂದು ವಾಕ್ಯದಲ್ಲಿ, ಮುಂದಿನ ಭಾಗದ ಪ್ರಶ್ನೆ ಒಂದು ವಾಕ್ಯದಲ್ಲಿ. 19ನೇ ಸ್ಲೈಡಿನಲ್ಲಿ ಹೀಗೆ: "ಕೊಳಚೆ ಬರುತ್ತಿರುವುದು ಎರಡು ಕಡೆಯಿಂದ, ಎರಡೂ ರಾಜಕಾಲುವೆ ಮೂಲಕ ಅಂತ ನೋಡಿದೆವು. ಹಾಗಾದರೆ ಕೆರೆಯ ಹೂಳು ತೆಗೆದುಬಿಟ್ಟರೆ ಸಾಕಾ?" ಆಮೇಲೆ ಎರಡು ಮೂರು ಸೆಕೆಂಡ್ ಸುಮ್ಮನಿರಿ. ಏನಾದರೂ ಕೇಳಬೇಕು ಅಂದುಕೊಂಡವರು ಕೇಳುವ ಜಾಗ ಅದು. ಮುಗಿದ ಭಾಗದ ಉತ್ತರವನ್ನು ಒಂದೇ ವಾಕ್ಯದಲ್ಲಿ ಹೇಳಲು ಬರದಿದ್ದರೆ ತೊಂದರೆ ವಿಭಾಗದ ಸ್ಲೈಡಿನದ್ದಲ್ಲ, ಆ ಗುಂಪಿನೊಳಗೆ ಎರಡು ವಿಷಯ ಸೇರಿಕೊಂಡಿವೆ.

ಈ ಎರಡು ವಾಕ್ಯಗಳನ್ನು ಆ ಸ್ಲೈಡಿನ ನೋಟ್ಸ್‌ನಲ್ಲಿ ಬರೆದಿಡಿ. ಜೊತೆಗೆ ಸಮಯವನ್ನೂ ಬರೆಯಿರಿ. ಸಭೆ 11:00ಕ್ಕೆ ಶುರುವಾದರೆ ಪೀಠಿಕೆಗೆ 5 ನಿಮಿಷ, ನಾಲ್ಕು ಭಾಗಕ್ಕೆ 18, 12, 17, 8. ಅಂದರೆ 19ನೇ ಸ್ಲೈಡ್ 11:23ಕ್ಕೆ, 29 ಬರುವುದು 11:35ಕ್ಕೆ, 43 ಬರುವುದು 11:52ಕ್ಕೆ. ಪರದೆಯ ಮೇಲೆ ಬೇಡ ಅಂದ ಸಮಯ ಇರಬೇಕಾದದ್ದು ಇಲ್ಲಿ, ನಿಮಗೆ ಮಾತ್ರ ಕಾಣುವ ಕಡೆ.

ಸರಿಯಾಗಿದೆಯಾ ಅಂತ ನೋಡುವುದು

ಹಿಂದಿನ ದಿನ ರಾತ್ರಿ ವಿಭಾಗಗಳ ಕ್ರಮ ಬದಲಿಸುವುದು, ಅಜೆಂಡಾ ಹಳೆಯದೇ ಉಳಿಯುವುದು, ಇದು ಎಲ್ಲಕ್ಕಿಂತ ಹೆಚ್ಚಾಗಿ ಆಗುವ ಎಡವಟ್ಟು. ಲಿಂಕ್‌ಗಳು ಸ್ಲೈಡ್ ಜೊತೆಗೇ ಹೋಗುತ್ತವೆ, ಬರೆದ ಸಾಲುಗಳು ಹೋಗುವುದಿಲ್ಲ. ಅದಕ್ಕೇ ವಿಭಾಗದ ಸ್ಲೈಡ್‌ಗಳ ಕೆಳಗಿನ ಗಿಡ್ಡ ಪಟ್ಟಿಯನ್ನು ಕೊನೆಗೆ ಮಾಡಿ, ಮತ್ತು ಅಜೆಂಡಾ ಸ್ಲೈಡನ್ನು ಮುಂದಿಟ್ಟುಕೊಂಡು `Outline View` ತೆರೆದು, ಅಜೆಂಡಾದ ಸಾಲುಗಳೂ ಅಲ್ಲಿ ಕಾಣುವ ವಿಭಾಗದ ಶೀರ್ಷಿಕೆಗಳೂ ಒಂದೇ ಕ್ರಮದಲ್ಲಿ, ಒಂದೇ ಮಾತಿನಲ್ಲಿ ಇವೆಯಾ ಅಂತ ಹೋಲಿಸಿ ನೋಡಿ. ಟೆಕ್ಸ್ಟ್ ಬಾಕ್ಸಿನಲ್ಲಿರುವ ಅಜೆಂಡಾದ ಸಾಲುಗಳು `Outline View`ನಲ್ಲಿ ಕಾಣುವುದಿಲ್ಲ.

ಆಮೇಲೆ ವಿಷಯ ಗೊತ್ತಿಲ್ಲದ ಒಬ್ಬರನ್ನು ಕೂರಿಸಿ. 4, 19, 29, 43 ಇವಿಷ್ಟನ್ನೇ ತೋರಿಸಿ "ಇದರಲ್ಲಿ ಏನು ಹೇಳಲು ಹೊರಟಿದ್ದಾರೆ ಅನಿಸುತ್ತದೆ?" ಅಂತ ಕೇಳಿ. ಅವರು ಸುಮಾರಾಗಿ ಸರಿ ಹೇಳಿದರೆ ಸಾಲುಗಳು ಚೆನ್ನಾಗಿವೆ. ಬಳಿಕ ನಡುವಿನ ಯಾವುದೋ ಒಂದು ಸ್ಲೈಡ್ ತೆರೆದು "ನಾವೀಗ ಎಲ್ಲಿದ್ದೇವೆ?" ಅಂತ ಕೇಳಿ. ಉತ್ತರಕ್ಕೆ ತಡಕಾಡಿದರೆ ಫೂಟರ್ ಅಕ್ಷರ ತೀರಾ ಸಣ್ಣದಾಗಿದೆ ಅಥವಾ ಗಿಡ್ಡ ಹೆಸರು ಅರ್ಥವಾಗುತ್ತಿಲ್ಲ.

ಇನ್ನು, ಸಮಯ ಮೀರಿದರೆ. 11:45 ಆಗಿದೆ, ನೀವಿನ್ನೂ 29ರಲ್ಲೇ ಇದ್ದೀರಿ ಅಂದುಕೊಳ್ಳಿ. ಮೂರನೇ ಭಾಗದ 13 ಸ್ಲೈಡ್‌ಗಳನ್ನು ಓಡಿಸಬೇಡಿ. "ಮೂರು ದಾರಿಗಳ ವಿವರ ನಿಮಗೆ ಕಳಿಸುವ ಪಿಡಿಎಫ್‌ನಲ್ಲಿದೆ. ಈಗ ಖರ್ಚಿನ ಹೋಲಿಕೆ ಮಾತ್ರ ನೋಡೋಣ" ಅಂತ ಹೇಳಿ ಆ ಹೋಲಿಕೆಯ ಸ್ಲೈಡಿನ ಸಂಖ್ಯೆ ಒತ್ತಿ, ಅದನ್ನು ಮುಗಿಸಿ `43`, `Enter`. ಹೋಲಿಕೆಯ ಸ್ಲೈಡ್ 42ನೆಯದಾಗಿದ್ದರೆ, ಅಂದರೆ ಆ ಭಾಗದ ಕೊನೆಯದಾಗಿದ್ದರೆ, ಇದು ಇನ್ನೂ ಸಲೀಸು. ಹಾಗಾಗಿ ಪ್ರತಿ ವಿಭಾಗದ ಮುಖ್ಯ ಸ್ಲೈಡನ್ನು ಅದರ ಕೊನೆಗೇ ಇಡುವುದು ಒಳ್ಳೆಯದು, ಅದರ ಸಂಖ್ಯೆಯೂ ಚೀಟಿಯಲ್ಲಿ ಇರಲಿ.